ಮೂರು ಥಂಬ್‌ನೇಲ್, ಹದಿನಾಲ್ಕು ದಿನ

ಜಗಳ ಶುರುವಾದದ್ದು ಭಾವನ ಬಾಯಿಯಿಂದ. ಅವರು ಆಡಿದ ಮಾತಿನಿಂದಲ್ಲ, ತೆರೆದ ಬಾಯಿಯಿಂದ.

ನನ್ನ ಅಕ್ಕನ ಗಂಡ ಹೊಲಿಗೆ ಮಿಷನ್ ರಿಪೇರಿಯವರು. ಅಂಗಡಿಯಲ್ಲಿ ಅವರು ಮಿಷನ್ ಬಿಚ್ಚುವುದನ್ನು ನಾನು ವಿಡಿಯೋ ಮಾಡಿ ನಮ್ಮ ಆನ್‌ಲೈನ್ ಚಾನೆಲ್‌ಗೆ ಹಾಕುತ್ತೇನೆ. ಫೋಟೋ ಸ್ಟುಡಿಯೋದಲ್ಲಿ ಒಂಬತ್ತು ವರ್ಷ ಕಂಡವರ ಮುಖದ ಮೊಡವೆ ಅಳಿಸಿದವಳು ನಾನು. ಸ್ಟುಡಿಯೋ ಮುಚ್ಚಿದ ಮೇಲೆ ಅಕ್ಕ ತನ್ನ ಮನೆಯಲ್ಲೇ ಒಂದು ಕೋಣೆ ಕೊಟ್ಟಳು, ಭಾವ ಈ ಕೆಲಸ ಕೊಟ್ಟರು. ಕೊಟ್ಟದ್ದು ಕರುಣೆಯಿಂದಲೋ ಬೇಕಾಗಿಯೋ ಎಂಬುದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು.

ಬಾಬಿನ್ ದಾರ, ಅಂದರೆ ಮಿಷನ್ನಿನ ಕೆಳಗಿನ ದಾರ, ಸಿಕ್ಕಿಕೊಳ್ಳುವ ಬಗ್ಗೆ ಒಂದು ವಿಡಿಯೋ ಸಿದ್ಧವಾಗಿತ್ತು. ಅದರ ಥಂಬ್‌ನೇಲ್‌ಗೆಂದು, ಕ್ಲಿಕ್ ಮಾಡುವ ಮೊದಲು ಕಾಣುವ ಚಿತ್ರಕ್ಕೆಂದು, ಭಾವನ ಬಾಯಿ ಆ ಎಂದು ತೆರೆಸಿ, ಕಣ್ಣು ಅರಳಿಸಿ ಫೋಟೋ ತೆಗೆದೆ. ಹಿಂದೆ ಕೆಂಪು ಬಣ್ಣ, ಪಕ್ಕದಲ್ಲಿ ಒಂದು ಬಾಣ. ಶೀರ್ಷಿಕೆ: ‘ಈ ತಪ್ಪು ಮಾಡಿದರೆ ನಿಮ್ಮ ಮಿಷನ್ ಗುಜರಿಗೆ!’

ಭಾವ ನೋಡಿ ಕನ್ನಡಕ ತೆಗೆದಿಟ್ಟರು. “ಮಿಷನ್ ನೋಡಿ ಹೆದರೋ ಮೆಕ್ಯಾನಿಕ್ ಹತ್ರ ಯಾರಮ್ಮ ಮಿಷನ್ ಕೊಡ್ತಾರೆ? ಕೈ ಕಾಣ್ಲಿ, ಬಾಬಿನ್ ಕಾಣ್ಲಿ. ಸಾಕು.”

“ಹಾಗೆ ಹಾಕಿದ್ರೆ ನೊಣಾನೂ ಕ್ಲಿಕ್ ಮಾಡಲ್ಲ ಭಾವ.”

ಅಕ್ಕ ನಡುವೆ ಬಾಯಿ ಹಾಕಿದಳು: ಮುಖವೂ ಬೇಡ, ಕೈಯೂ ಬೇಡ, ದಾರ ಗಂಟುಗಂಟಾಗಿರುವ ಬಟ್ಟೆ ತೋರಿಸಿ. ಅಲ್ಲಿಗೆ ಮೂರು ಜನಕ್ಕೆ ಮೂರು ಥಂಬ್‌ನೇಲ್ ಆಯಿತು. ಚಾನೆಲ್‌ನೊಳಗೇ ಟೆಸ್ಟ್ ಮಾಡುವ ಸೌಲಭ್ಯ ಇದೆ ಎಂದೆ. ಮೂರರವರೆಗೆ ಹಾಕಬಹುದು, ಅದು ನೋಡುಗರನ್ನು ಹಂಚಿ, ಒಬ್ಬೊಬ್ಬರಿಗೆ ಒಂದೊಂದನ್ನು ತೋರಿಸುತ್ತದೆ. ಎರಡು ವಾರದೊಳಗೆ ತೀರ್ಪು. ಯಾರದು ಗೆಲ್ಲುತ್ತದೋ ಮುಂದೆ ಎಲ್ಲ ವಿಡಿಯೋಕ್ಕೂ ಅದೇ ಥರದ್ದು ಎಂದು ಮಾತಾಯಿತು.

ನಾನು ನನ್ನ ಥಂಬ್‌ನೇಲ್‌ಗೆ ನನ್ನ ಶೀರ್ಷಿಕೆ, ಭಾವನದಕ್ಕೆ ಭಾವನ ಶೀರ್ಷಿಕೆ ಸೇರಿಸಹೊರಟೆ. ಹಾಗೂ ಮಾಡಬಹುದಿತ್ತು. ಭಾವ ತಡೆದರು.

“ಹೊಲಿಗೆ ತಪ್ಪಿದ್ರೆ ಸೂಜಿ, ದಾರ ಎರಡೂ ಒಟ್ಟಿಗೆ ಬದಲಾಯಿಸ್ತೀನಾ? ಆಮೇಲೆ ಸರಿಯಾಗಿದ್ದು ಯಾವುದ್ರಿಂದ ಅಂತ ಹೇಗೆ ಗೊತ್ತಾಗುತ್ತೆ? ಒಂದೊಂದೇ ಬದಲಾಯಿಸು.”

ಕಂಪ್ಯೂಟರಿನ ಮೌಸ್ ಹಿಡಿಯಲೂ ಬಾರದ ಮನುಷ್ಯ ನನಗೆ ಪಾಠ ಹೇಳುತ್ತಿದ್ದರು. ಸಿಟ್ಟು ಬಂತು, ಏಕೆಂದರೆ ಅವರು ಹೇಳಿದ್ದು ಸರಿಯಾಗಿತ್ತು. ಮೂರಕ್ಕೂ ಅವರ ಸಪ್ಪೆ ಶೀರ್ಷಿಕೆಯನ್ನೇ ಇಟ್ಟೆ: ‘ಕೆಳಗಿನ ದಾರ ಸಿಕ್ಕಿಕೊಳ್ಳುತ್ತಿದೆಯೇ? ಹೀಗೆ ಮಾಡಿ’. ಥಂಬ್‌ನೇಲ್‌ಗಳಲ್ಲಿ ಮೊದಲು ನನ್ನದು, ಆಮೇಲೆ ಅವರದು, ಕೊನೆಗೆ ಅಕ್ಕನದು ಹಾಕಿದೆ.

ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಹಲ್ಲುಜ್ಜುವಾಗ ನೋಡುವುದು, ಕುಕ್ಕರ್ ಕೂಗುವುದರೊಳಗೆ ನೋಡುವುದು, ಬಸ್ಸಿನಲ್ಲಿ ನಿಂತು ನೋಡುವುದು. ಮೂರನೆಯ ದಿನ ನನ್ನದು ಶೇಕಡ ಮೂವತ್ತೊಂಬತ್ತು, ಭಾವನದು ಮೂವತ್ತು, ಅಕ್ಕನದು ಮೂವತ್ತೊಂದು. ಒಂದೇ ಉಸಿರಿಗೆ ಅಂಗಡಿಗೆ ಓಡಿದೆ.

“ಭಾವ, ಗೆದ್ದೆ! ಟೆಸ್ಟ್ ನಿಲ್ಲಿಸಿಬಿಡ್ತೀನಿ.”

ಭಾವ ಮಿಷನ್ನಿನಿಂದ ತಲೆ ಎತ್ತಲಿಲ್ಲ. “ಅದೇ ಹೇಳ್ತಾ ಗೆದ್ದೆ ಅಂತ?”

“ಇಲ್ಲ, ಇನ್ನೂ ನಡೀತಿದೆ ಅನ್ನುತ್ತೆ. ಆದ್ರೆ ನೋಡಿ, ಎಷ್ಟು ಮುಂದಿದೆ!”

“ಎರಡು ಇಂಚು ಹೊಲಿದು ನೋಡಿ ಮಿಷನ್ ವಾಪಸ್ ಕೊಟ್ರೆ ಗಿರಾಕಿ ಮಾರನೇ ದಿನ ಬೈಕೊಂಡು ಬರ್ತಾರೆ. ಇರು. ಅದು ಶೇಕಡ ಏನನ್ನ ಲೆಕ್ಕ ಹಾಕುತ್ತೆ, ಕ್ಲಿಕ್ಕಾ?”

“ಅಲ್ಲ. ನೋಡಿದ ಹೊತ್ತು. ಒಟ್ಟು ನೋಡಿದ ಹೊತ್ತಲ್ಲಿ ಯಾವ ಥಂಬ್‌ನೇಲ್‌ನಿಂದ ಬಂದಿದ್ದು ಎಷ್ಟು ಪಾಲು ಅಂತ.”

“ಅಂದ್ರೆ ಒಳಗೆ ಕರೆದ್ರೆ ಸಾಲದು, ಕೂರಿಸ್ಕೋಬೇಕು.” ಭಾವ ಮೊದಲ ಸಲ ತಲೆ ಎತ್ತಿದರು. “ಪರವಾಗಿಲ್ಲ, ಬುದ್ಧಿ ಇದೆ ಅದಕ್ಕೆ.”

ಏಳನೆಯ ದಿನ ನನ್ನದು ಮೂವತ್ತಾರಕ್ಕೆ ಇಳಿಯಿತು. ಒಂಬತ್ತನೆಯ ದಿನ ಅಕ್ಕನದು ಮೊದಲು! ಅವಳು ಅದನ್ನು ಕೇಳಿ ನಕ್ಕು ಬಟ್ಟೆ ಒಣಹಾಕಲು ಹೋದಳು. ನನಗೆ ಊಟ ಸೇರಲಿಲ್ಲ. ಶೀರ್ಷಿಕೆಯ ಕೊನೆಗೆ ಒಂದು ಆಶ್ಚರ್ಯಸೂಚಕವಾದರೂ ತುರುಕೋಣವೆಂದು ಕೈ ತುರಿಸುತ್ತಿತ್ತು. ನಡುವೆ ಮುಟ್ಟಿದರೆ ಟೆಸ್ಟ್ ನಿಂತುಹೋಗುತ್ತದೆ ಎಂದು ಕೈಕಟ್ಟಿ ಕುಳಿತೆ. ಸೋತರೆ ಈ ಮನೆಯಲ್ಲಿ ನಾನು ಯಾರು? ಕ್ಯಾಮೆರಾ ಹಿಡಿಯುವ ಸ್ಟ್ಯಾಂಡ್. ಅದಕ್ಕೆ ಕೋಣೆ ಬೇಕಾಗುವುದಿಲ್ಲ, ಮೂಲೆ ಸಾಕು.

ಹದಿನಾಲ್ಕನೆಯ ದಿನ ಮಧ್ಯಾಹ್ನ ತೀರ್ಪು ಬಂತು. ನನ್ನದು 33.9. ಭಾವನದು 33.4. ಅಕ್ಕನದು 32.7. ನನ್ನದೇ ಮೇಲಿತ್ತು, ಆದರೆ ಅದರ ಪಕ್ಕದಲ್ಲಿ ‘ವಿಜೇತ’ ಎಂಬ ಗುರುತು ಇರಲಿಲ್ಲ. ಮೂರೂ ಒಂದೇ ಸಮ ಎಂದು ಬರೆದಿತ್ತು. ಆ ಅರ್ಧ ಅಂಶದ ಅಂತರಕ್ಕೆ ಅರ್ಥವಿಲ್ಲ ಎಂದೇ ಅದರ ಅರ್ಥ. ನಾನು ಆ ಪುಟವನ್ನು ಐದು ಸಲ ತೆರೆದು ಮುಚ್ಚಿದೆ, ತೆರೆದಾಗ ಬದಲಾಗಿರಬಹುದು ಎಂಬಂತೆ.

ಯಾರೂ ಗೆಲ್ಲದಿದ್ದರೆ ಮೊದಲು ಹಾಕಿದ ಥಂಬ್‌ನೇಲೇ ಉಳಿಯುತ್ತದೆ. ಹಾಗಾಗಿ ಈಗ ಎಲ್ಲರಿಗೂ ಕಾಣುತ್ತಿದ್ದುದು ನನ್ನದೇ. ನಾನು ಸುಳ್ಳು ಹೇಳಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು.

ಸುಮ್ಮನಿರುವುದೆಂದೇ ನಿರ್ಧರಿಸಿ ಅಂಗಡಿಗೆ ಹೋದೆ. ಬಾಗಿಲಲ್ಲೇ ಕಾಲು ನಿಂತಿತು. ಭಾವ ಗೋಡೆಯ ಕನ್ನಡಿಯ ಮುಂದೆ ಒಬ್ಬರೇ ನಿಂತು ಬಾಯಿ ತೆರೆಯುತ್ತಿದ್ದರು. ಹುಬ್ಬು ಏರಿಸಿದರು, ಸರಿಬರಲಿಲ್ಲ, ಇಳಿಸಿದರು, ಮತ್ತೆ ಏರಿಸಿದರು. ಕೈಯಲ್ಲಿದ್ದ ಫೋನಿನಲ್ಲಿ ನನ್ನ ಥಂಬ್‌ನೇಲ್. ಅದನ್ನು ನೋಡಿ ನೋಡಿ ಕಲಿಯುತ್ತಿದ್ದರು.

ನನ್ನನ್ನು ಕಂಡು ನಾಚಿದರು. “ನಿಂದೇ ಉಳೀತು, ನೋಡ್ದೆ. ಮಾತು ಅಂದ್ರೆ ಮಾತು. ಇನ್ನೂ ಸ್ವಲ್ಪ ಅಗಲ ತೆರೀಬೇಕೇನಮ್ಮ?”

ಒಳಗೆ ಹೋಗಿ ಅವರ ಕೈಯ ಫೋನನ್ನು ಕೆಳಗಿಳಿಸಿದೆ.

“ನಾನು ಗೆದ್ದಿಲ್ಲ ಭಾವ. ಮೂರೂ ಸಮ ಅಂತ ಬಂದಿದೆ.”

“ಮತ್ತೆ ನಿಂದ್ಯಾಕೆ ಮೇಲಿದೆ?”

“ಯಾರೂ ಗೆಲ್ಲದಿದ್ರೆ ಮೊದಲು ಹಾಕಿದ್ದು ಉಳಿಯುತ್ತೆ.”

“ಅದು ನಿನಗೆ ಮುಂಚೆನೇ ಗೊತ್ತಿತ್ತಾ?”

“ಗೊತ್ತಿತ್ತು. ಅದಕ್ಕೇ ನಂದು ಮೊದಲು ಹಾಕ್ದೆ.”

ಭಾವ ಸ್ಟೂಲಿನ ಮೇಲೆ ಕುಳಿತು, ಇನ್ನೊಂದನ್ನು ನನ್ನ ಕಡೆ ತಳ್ಳಿದರು. ಫೋನನ್ನು ಮಿಷನ್ನಿನ ಪಕ್ಕ ಬೋರಲಾಗಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

“ಸರಿ. ಆ ಟೆಸ್ಟು ಕೈ ಎತ್ತಿದೆ. ಇನ್ನು ಆರಿಸೋದು ನಾವೇ,” ಎಂದರು. “ಒಂಬತ್ತು ವರ್ಷ ಫೋಟೋ ನೋಡಿದವಳು ನೀನು. ಟೆಸ್ಟು, ಪಂದ್ಯ ಎಲ್ಲ ಬಿಡು. ನಿನ್ನ ಕಣ್ಣಿಗೆ ಯಾವುದು ಚೆನ್ನಾಗಿದೆ?”

ನಾನು ಮೂರನ್ನೂ ಮತ್ತೆ ನೋಡಬೇಕಾಗಿರಲಿಲ್ಲ. “ನಿಮ್ಮ ಕೈ ಇರೋದು. ಮೊದಲ ದಿನದಿಂದಲೂ ಅದೇ.”

“ಮತ್ತೆ ಈ ರಾಮಾಯಣ ಯಾಕೆ?”

“ಅದನ್ನ ಐದೇ ನಿಮಿಷದಲ್ಲಿ ತೆಗೆದಿದ್ದು ಭಾವ. ಅಷ್ಟು ಸಾಕು ಅಂದ್ರೆ, ನಾನ್ಯಾಕೆ ಬೇಕು ನಿಮಗೆ?”

ಭಾವ ನನ್ನನ್ನೇ ನೋಡಿದರು. ಆಮೇಲೆ ನಿಧಾನವಾಗಿ ಅವರ ಹುಬ್ಬು ಏರಿತು, ಕಣ್ಣು ಅರಳಿತು, ಬಾಯಿ ತೆರೆದುಕೊಂಡಿತು. ಕನ್ನಡಿಯ ಮುಂದೆ ಎಷ್ಟು ಕಲಿತರೂ ಬಾರದ ಮುಖ ಈಗ ತಾನಾಗಿ ಬಂದಿತ್ತು. ನನ್ನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ಇದ್ದಿದ್ದರೂ ತೆಗೆಯುತ್ತಿರಲಿಲ್ಲ.