ಕಿಲುಬು

ನಮ್ಮ ಭಾವನಿಗೆ ತಿಳಿಯದ ವಿಷಯವೇ ಇಲ್ಲ. ಮೆಸ್ಸಿನ ಗಲ್ಲಾಪೆಟ್ಟಿಗೆಯ ಹಿಂದೆ ಹೊಟ್ಟೆ ಹೊತ್ತು ಕೂತು, ಒಂದು ಸೌಟು ಹಿಡಿಯದೆ, ಅಡುಗೆಮನೆಯಲ್ಲಿ ಏನಾಗಬೇಕು ಎಂದು ಹೇಳುತ್ತಾರೆ. ಹೇಳಲು ಖರ್ಚಿಲ್ಲವಲ್ಲ!

ಅಂದು ಶುಂಠಿ ಬೆಳ್ಳುಳ್ಳಿ ಪೇಸ್ಟಿನ ಜಾಡಿ ಫ್ರಿಜ್ಜಿನಿಂದ ಹೊರಬಂದಾಗ ಹಸಿರಾಗಿತ್ತು. ಭಾವ ಅದನ್ನೆತ್ತಿ, ಊಟಕ್ಕೆ ಕೂತವರಿಗೆಲ್ಲ ಕಾಣುವಂತೆ ಹಿಡಿದರು.

"ನೋಡ್ರಪ್ಪ, ಕಿಲುಬು! ತಾಮ್ರದ ಪಾತ್ರೇಲಿ ಹುಳಿ ಇಟ್ರೆ ಬರುತ್ತಲ್ಲ, ಅದೇ ವಿಷ. ತೊಳೀದ ಪಾತ್ರೇಲಿ ರುಬ್ಬಿದಾಳೆ ಮಹಾರಾಯ್ತಿ."

ಮಹಾರಾಯ್ತಿ ಎಂದರೆ ನನ್ನ ಓರಗಿತ್ತಿ. ಮೈದುನ ತೀರಿಕೊಂಡ ಮೇಲೆ ರುಬ್ಬುವ ಕೆಲಸವೇ ಈ ಮನೆಯಲ್ಲಿ ಅವಳ ಜಾಗ. ನಮ್ಮಲ್ಲಿ ತಾಮ್ರದ ಪಾತ್ರೆಯೇ ಇಲ್ಲ, ಎಲ್ಲ ಸ್ಟೀಲು. ಅದನ್ನು ಯಾರು ಕೇಳಬೇಕು?

"ಭಾವ, ನಿಂಬೆಹಣ್ಣು ಬೇಡ ಅಂದೆ, ಕೆಡದೇ ಇರ್ಲಿ ಅಂತ ನೀವೇ ಹಿಂಡ್ಸಿದ್ರಿ," ಎಂದಳು ಅವಳು.

"ಎದುರು ಮಾತು ಬೇರೆ!"

ಜಾಡಿಯಲ್ಲಿದ್ದದ್ದು ಚರಂಡಿಗೆ ಹೋಯಿತು. ಅವಳು ಪಾತ್ರೆ ತೊಳೆಯುವ ತೊಟ್ಟಿಗೆ ಹೋದಳು. ಅಂದಿನಿಂದ ಅವಳ ಹೆಸರು ಕಿಲುಬು. "ಕಿಲುಬು, ತಟ್ಟೆ ತಗೊಂಡ್ಬಾ." ದಿನಾ ಉಣ್ಣುವ ಗಿರಾಕಿಗಳೂ ಹಲ್ಲು ಕಿರಿದುಕೊಂಡು ಹಾಗೇ ಕರೆದರು. ನನ್ನ ಗಂಡನೋ, ಅಣ್ಣನ ಮುಂದೆ ಬಾಯಿಗೆ ಬೀಗ.

ಇನ್ನು ರುಬ್ಬುವವರು ಯಾರು? ಸಾಕ್ಷಾತ್ ಭಾವನೇ! ಆಹಾ, ಆ ಸಂಭ್ರಮವನ್ನು ಕಣ್ಣಾರೆ ನೋಡಬೇಕಿತ್ತು. ಹಳೇ ಬೆಳ್ಳುಳ್ಳಿ, ಒಳಗೆಲ್ಲ ಮೊಳಕೆ. ನನ್ನ ಓರಗಿತ್ತಿ ಒಂದೊಂದು ಎಸಳನ್ನೂ ಸೀಳಿ ಆ ಹಸಿರು ಮೊಳಕೆ ಕಿತ್ತು ಬಿಸಾಡುತ್ತಿದ್ದಳು, ಕಹಿ ಅಲ್ಲೇ ಇರುವುದು. ಇವರಿಗೆ ಅದು ದಂಡ ಮಾಡುವ ಕೆಲಸ. ಮೊಳಕೆ ಸಮೇತ ಸುರಿದು, ಮಿಕ್ಸಿಯ ಜಾರು ಕೈ ಸುಡುವಷ್ಟು ಬಿಸಿಯಾಗುವ ತನಕ ತಿರುಗಿಸಿದರು. ಜಾಡಿಗೆ ತುಂಬಿ, ಮೇಲೆ ಬೆರಳುದ್ದ ಎಣ್ಣೆ ಸುರಿದು, "ಎಣ್ಣೆ ಇದ್ಮೇಲೆ ಫ್ರಿಜ್ ಯಾಕೆ?" ಎಂದು ಒಲೆಯ ಪಕ್ಕದ ಹಲಗೆಯ ಮೇಲಿಟ್ಟರು.

ಮಾರನೆಯ ದಿನ ಅದನ್ನು ಹಾಕಿದ ಸಾರನ್ನು ಜನ ಬಾಯಿಗಿಟ್ಟು ತಟ್ಟೆ ದೂರ ತಳ್ಳಿದರು. ಕಹಿ ಅಂದರೆ ಕಹಿ.

"ಅವಳ ಕೈಗುಣ. ಜಾಡಿ ತೊಳೆದಿದ್ದು ಅವಳೇ ತಾನೇ?" ಎಂದರು ಭಾವ. "ಭಾನುವಾರ ತವರಿಗೆ ಕಳಿಸ್ಬಿಡೋಣ. ಅವಳಣ್ಣ ನೋಡ್ಕೊಳ್ಲಿ."

ಆ ಅಣ್ಣನ ಮನೆಯಲ್ಲಿ ಅವಳಿಗೆ ಮಲಗಲು ಮೂಲೆಯೂ ಇಲ್ಲ. ಅವಳು ಚೀಲಕ್ಕೆ ಸೀರೆ ತುಂಬಿದ್ದು ನೋಡಿ ನನ್ನ ಮೈ ಉರಿಯಿತು.

ಅದೇ ಬೆಳ್ಳುಳ್ಳಿ, ಅದೇ ಶುಂಠಿ, ಅದೇ ಜಾರು ತೆಗೆದುಕೊಂಡೆ. ಮೊಳಕೆ ಕಿತ್ತು, ನೀರು ತಾಗಿಸದೆ ರುಬ್ಬಿ, ಎರಡು ಬಟ್ಟಲಿಗೆ ಹಾಕಿದೆ. ಒಂದಕ್ಕೆ ಉಪ್ಪು, ಎಣ್ಣೆ. ಇನ್ನೊಂದಕ್ಕೆ ಭಾವನ ಪ್ರೀತಿಯ ನಿಂಬೆರಸ. ಎರಡನ್ನೂ ಫ್ರಿಜ್ಜಿನಲ್ಲಿಟ್ಟೆ.

ಭಾನುವಾರ ತುಂಬಿದ ಮೆಸ್ಸಿನಲ್ಲಿ ಎರಡನ್ನೂ ಗಲ್ಲಾದ ಮೇಲೆ ಕುಕ್ಕಿದೆ. ಎಣ್ಣೆಯದು ಕೆನೆಬಣ್ಣ. ನಿಂಬೆಯದು ಗಿಳಿಹಸಿರು.

"ರುಬ್ಬಿದ್ದು ನಾನು. ಇವಳು ಮುಟ್ಟೇ ಇಲ್ಲ. ಹುಳಿ ತಗುಲಿದ್ರೆ ಬೆಳ್ಳುಳ್ಳಿ ಹಸಿರಾಗುತ್ತೆ, ಭಾವ. ಅದ್ರಲ್ಲೂ ನೀವು ಗೆಡ್ಡೆ ಸಮೇತ ಫ್ರಿಜ್ಜಲ್ಲಿ ತುರುಕ್ತೀರಲ್ಲ, ಆ ಬೆಳ್ಳುಳ್ಳಿ ಇನ್ನೂ ಬೇಗ. ಕಿಲುಬೂ ಅಲ್ಲ, ವಿಷಾನೂ ಅಲ್ಲ. ವಿಷ ಬೇಕಿದ್ರೆ ಆ ಹಲಗೆ ಮೇಲಿದೆ ನೋಡಿ. ಎಣ್ಣೆ ಕೆಳಗೆ ಗಾಳಿಯಿಲ್ದೆ, ಸೆಕೆಯಲ್ಲಿ ಕೂತಿದೆ. ವಾಸನೇನೂ ಬರಲ್ಲ, ಬಣ್ಣಾನೂ ಬದಲಾಗಲ್ಲ, ಆದ್ರೂ ಜೀವ ತೆಗೆಯಬಹುದು. ಚೆಲ್ಲಬೇಕಿದ್ದದ್ದು ಅದನ್ನ."

ಭಾವ ಕೆಮ್ಮಿದರು. ಗಿರಾಕಿಯೊಬ್ಬ ಕಿಸಕ್ಕನೆ ನಕ್ಕ.

ಅಷ್ಟರಲ್ಲಿ ಓರಗಿತ್ತಿ ಒಳಗಿಂದ ಬಂದಳು, ಒದ್ದೆ ಕೈ ಒರೆಸಿಕೊಳ್ಳುತ್ತ. ಹಸಿರು ಬಟ್ಟಲೆತ್ತಿ, ಚಮಚ ತುಂಬ ಬಾಯಿಗೆ ಹಾಕಿಕೊಂಡಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ನುಂಗಿದಳು.

"ಸರಿ ಸರಿ," ಎಂದರು ಭಾವ, ಏನೋ ದೊಡ್ಡ ಉಪಕಾರ ಮಾಡುವವರ ಹಾಗೆ. "ನಾಳೆಯಿಂದ ನೀನೇ ರುಬ್ಬಮ್ಮ. ಚೀಲ ಬಿಚ್ಚು."

"ಬಿಚ್ತೀನಿ. ನನ್ನ ಹೆಸರು ಹಿಡಿದು ಒಂದ್ಸಲ ಕರೀರಿ ಭಾವ. ಎಲ್ಲರಿಗೂ ಕೇಳೋ ಹಾಗೆ."

ಇಷ್ಟೇ ತಾನೇ? ಭಾವ ದೊಡ್ಡಸ್ತಿಕೆಯಿಂದ ಬಾಯಿ ತೆರೆದರು.

"ಕಿ..."

ಅಲ್ಲೇ ನಿಂತರು. ಮತ್ತೆ ಬಾಯಿ ತೆರೆದರು. ಹೆಸರು ಬರಲಿಲ್ಲ. ತಮ್ಮನ ಕೈಹಿಡಿದು ಈ ಮನೆಗೆ ಬಂದವಳ ಹೆಸರು ಆ ದೊಡ್ಡ ಮನುಷ್ಯನಿಗೆ ನೆನಪೇ ಇರಲಿಲ್ಲ. ಥೂ!

ಈ ಸಲ ಯಾರೂ ನಗಲಿಲ್ಲ. ಅವಳು ಬಟ್ಟಲನ್ನು ಅವರೆದುರಿಗಿಟ್ಟು, ಒಳಗೆ ಹೋಗಿ ಚೀಲ ಎತ್ತಿಕೊಂಡು ಹೊರಟಳು. ನಾನು ಬಾಗಿಲ ತನಕ ಓಡಿ ಅವಳ ಹೆಸರು ಕೂಗಿದೆ. ಅವಳು ತಿರುಗಿ ನೋಡಿದಳು, ಆದರೆ ನಿಲ್ಲಲಿಲ್ಲ.