ಗೆರೆ ಮೀರಿದ ಲಿಪ್‌ಸ್ಟಿಕ್

ಮುಕ್ತಾಬಾಯಿ ಕಳಿಸಿದ ಫೋಟೋದಲ್ಲಿ ಇದ್ದದ್ದು ಬರೀ ತುಟಿ. ಅವರಿಗೆ ಸೊಸೆಯಾಗಲಿರುವ ಹುಮನಾಬಾದದ ಸೋನಾಲಿಯ ತುಟಿ. ಮದುವೆಗೆ ಇನ್ನು ಹದಿನೈದು ದಿನ, ಎಂಗೇಜ್‌ಮೆಂಟಿನಂತೆ ಅದಕ್ಕೂ ಮೇಕಪ್ ನನ್ನದೇ. ಬಸವಕಲ್ಯಾಣದಲ್ಲಿ ಪಾರ್ಲರ್ ತೆರೆದು ಎಂಟು ತಿಂಗಳಾಗಿತ್ತು. ಫೋಟೋ ನೋಡಿದ ತಕ್ಷಣ ಸಲಹೆ ಕೊಡುವುದೆಂದರೆ ನನಗೆ ಎಲ್ಲಿಲ್ಲದ ಹುರುಪು.

ತುಟಿ ಒಣಗಿ ಸಿಪ್ಪೆ ಎದ್ದಿತ್ತು, ಅಂಚೆಲ್ಲ ಕಂದು. ಹುಬ್ಬು ತೆಗೆಯುವ ದಾರ ಕೊರಳಲ್ಲಿರುವಾಗಲೇ ಮುಕ್ತಾಬಾಯಿಗೆ ವಾಯ್ಸ್ ಮೆಸೇಜ್ ಬಿಟ್ಟೆ.

"ಮೌಶಿ, ಹುಡುಗಿ ಹಲ್ಲಿಗಿ ಮಿಶ್ರಿ ತಿಕ್ತಾಳ ಕಾಣ್ತದ್ರಿ. ತಂಬಾಕಿನ ಪುಡಿಗೇ ತುಟಿ ಹಿಂಗ ಆಗೋದು. ಬಿಡಸ್ರಿ."

ಸಂಜೆ ಸೋನಾಲಿ ಫೋನ್ ಮಾಡಿದಳು.

"ಸ್ನೇಹಲಕ್ಕ, ನಾ ಮಿಶ್ರಿ ಮುಟ್ಟಿಲ್ರಿ. ನಿಮ್ಮ ಮಾತು ಮೌಶಿ ನಮ್ಮವ್ವಗ ಕೇಳಿಸ್ಯಾರ. ಚಟ ಮುಚ್ಚಿಟ್ಟು ಹೆಣ್ಣು ಕೊಡಾಕತ್ತೀರೇನು ಅಂದ್ರಂತ. ಅವ್ವ ಉಂಡಿಲ್ಲ."

"ತುರಸ್ತದೇನು?"

"ಎಂಗೇಜ್‌ಮೆಂಟ್ ಆದಾಗಿಂದ ತುರಸ್ತದ. ಕಪ್ಪ ಕಾಣಬಾರ್ದಂತ ನೀವು ಕೊಟ್ಟ ಲಿಪ್‌ಸ್ಟಿಕ್ಕೇ ದಿನಾ ಹಚ್ಚಾಕತ್ತೀನ್ರಿ."

ಮರುದಿನ ಬೆಳಿಗ್ಗೆ ತುಟಿ ತೊಳೆದು, ಕಿಟಕಿ ಬೆಳಕಿನಲ್ಲಿ, ಫಿಲ್ಟರ್ ಇಲ್ಲದೆ, ಬಾಯಿ ತುಸು ತೆರೆದು ಇನ್ನೊಂದು ಫೋಟೋ ಕಳಿಸು ಎಂದೆ. ಮೊದಲೇ ಕೇಳಬೇಕಿದ್ದ ಆ ಫೋಟೋ ಬಂತು. ಹಲ್ಲಿನಲ್ಲಿ, ವಸಡಿನಲ್ಲಿ ಒಂದೂ ಕಲೆಯಿರಲಿಲ್ಲ. ಮೇಲ್ತುಟಿಯ ಸಿಪ್ಪೆ ಮಾತ್ರ ತುಟಿಗೇ ನಿಂತಿರಲಿಲ್ಲ. ನಡುವೆ ಎರಡು ಚೂಪು ತುದಿಯಾಗಿ ಚರ್ಮದ ಮೇಲೂ ಹತ್ತಿತ್ತು. ಎಂಗೇಜ್‌ಮೆಂಟ್ ದಿನ ತುಟಿ ದಪ್ಪ ಕಾಣಲೆಂದು ಗೆರೆ ಮೀರಿ ಲಿಪ್‌ಸ್ಟಿಕ್ ಎಳೆದವಳು ನಾನೇ. ಅವಳೂ ಹಾಗೇ ಹಚ್ಚುತ್ತಿದ್ದಳು. ಬಣ್ಣ ಎಲ್ಲಿತ್ತೋ ಅಲ್ಲಷ್ಟೇ ಗಾಯ.

ಬಿಸಿಲಿಗೆ ಆಗಿದೆ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಅಷ್ಟು ಟೈಪ್ ಕೂಡ ಮಾಡಿದ್ದೆ. ಅಳಿಸಿ ಬಸ್ ಹತ್ತಿದೆ.

ಮಾಣಿಕನಗರದಲ್ಲಿ ಮುಕ್ತಾಬಾಯಿಯ ಮನೆ. ಅವರ ಗಂಡ ದೇವಿಂದ್ರಪ್ಪನವರೂ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ.

"ಫೋಟೋ ನೋಡಿ ಮಂದಿ ಮಗಳ ಚಟ ಹೇಳಾಕಿ, ನಿನ್ನ ಬಣ್ಣ ನಿನಗ ಕಾಣಲಿಲ್ಲೇನು?" ಎಂದರು ಮುಕ್ತಾಬಾಯಿ.

"ತಪ್ಪಾಗ್ಯಾದ್ರಿ ಮೌಶಿ."

"ನನಗ್ಯಾಕ ಹೇಳ್ತಿ? ನಾ ಆ ತಾಯಿಗಿ ಏನೇನು ಅಂದೀನಿ ನನಗೇ ಗೊತ್ತದ," ಎಂದು ಚಪ್ಪಲಿ ಮೆಟ್ಟಿದರು. ಗಂಡ ಕೂತಲ್ಲೇ ಉಳಿದರು. ಅವರ ಹಿಂದೆಯೇ ನಾನೂ ಹುಮನಾಬಾದದ ಆಟೋ ಹತ್ತಿದೆ.

ಸೋನಾಲಿಯ ಮನೆಯಲ್ಲಿ ಮುಕ್ತಾಬಾಯಿ ಬೀಗತಿಯ ಕೈ ಹಿಡಿದು ಕೂತರು. ನಾನು ಸೋನಾಲಿಗೆ ಹೇಳಿದೆ: ನಾನು ಕೊಟ್ಟ ಲಿಪ್‌ಸ್ಟಿಕ್ಕಿಗೇ ಆದದ್ದು ಕಾಣುತ್ತದೆ, ಅದು ಬಂದ್. ವಾಸನೆಯ ಬಾಮ್, ಸಕ್ಕರೆಯ ಸ್ಕ್ರಬ್ ಬೇಡ. ಸಿಪ್ಪೆ ಕೀಳಬೇಡ, ನಾಲಿಗೆಯಿಂದ ಸವರಬೇಡ. ಬರೀ ವ್ಯಾಸಲೀನ್. ಚರ್ಮದ ಡಾಕ್ಟರಿಗೆ ಆ ಲಿಪ್‌ಸ್ಟಿಕ್ಕನ್ನೇ ಒಯ್ದು ತೋರಿಸು.

"ಮದುವಿ ದಿನ?"

"ಪೂರಾ ಮಾಯ್ದ್ರ, ಡಾಕ್ಟರ್ ಹೂಂ ಅಂದ್ರ ಹಚ್ಚೋಣು. ಒಣಗೋ ಮ್ಯಾಟ್ ಬ್ಯಾಡ, ತಿಳಿ ಬಣ್ಣಾನೂ ಬ್ಯಾಡ, ತುಟಿ ಒಂಚೂರು ಒಣಗಿದ್ರೂ ಎದ್ದು ಕಾಣ್ತದ. ನಿನ್ನ ತುಟಿ ಬಣ್ಣಕ್ಕ ಹತ್ತಿರದ್ದು, ಕಂದು ಗುಲಾಬಿ, ಕ್ರೀಮಿಂದು. ಅದನೂ ಮೊದಲ ಮೊಣಕೈ ಒಳಗ ಹಚ್ಚಿ ಕೆಲವು ದಿನ ನೋಡೋಣು. ಮಾಯಲಿಲ್ಲಂದ್ರ ಬರೀ ವ್ಯಾಸಲೀನ್."

ವ್ಯಾಸಲೀನ್ ಡಬ್ಬಿ ತೆರೆದು ಬೆರಳು ಅದ್ದಿದೆ. ಅವಳು ಮುಖ ಹಿಂದಕ್ಕೆ ಎಳೆದುಕೊಂಡಳು.

"ಇಲ್ಲಿ ಕೊಡ್ರಿ," ಎಂದಳು ಮೆಲ್ಲಗೆ. "ನಾನೇ ಹಚ್ಕೋತೀನಿ."

ಡಬ್ಬಿ ಕೊಟ್ಟೆ. ಬೆರಳಿಗೆ ಅಂಟಿದ್ದನ್ನು ನನ್ನ ಸೆರಗಿಗೇ ಒರೆಸಿಕೊಂಡೆ.