ಸಂಜೆಯ ಮನೆ ಖಾಲಿ

"ಇದು ಯಾವ ಮನೆಗೆ ಹೋಗ್ಬೇಕು?"

ತಂಗಿ ಕೇಳಿದ್ದು ಯಾರನ್ನೂ ಅಲ್ಲ. ಅವಳ ಅಂಗೈಯಲ್ಲಿ ಒಂದು ಪುಟ್ಟ ಬಿಳಿ ಮಾತ್ರೆಯಿತ್ತು. ಎದುರಿಗೆ ಊಟದ ಮೇಜಿನ ಮೇಲೆ, ವಾರದ ಮಾತ್ರೆ ತುಂಬಿಡುವ ಪ್ಲಾಸ್ಟಿಕ್ ಡಬ್ಬಿ ಎಲ್ಲ ಮುಚ್ಚಳಗಳನ್ನೂ ತೆರೆದುಕೊಂಡು, ಹಸಿದ ಹಕ್ಕಿಮರಿಗಳ ಗೂಡಿನ ಹಾಗೆ ಕೂತಿತ್ತು. ದಿನಕ್ಕೊಂದು ಸಾಲು, ಸಾಲಿಗೆ ನಾಲ್ಕು ಮನೆ: ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ. ಡಬ್ಬಿಯ ಎಡಕ್ಕೆ ಆಸ್ಪತ್ರೆಯವರು ಬರೆದುಕೊಟ್ಟ ಔಷಧಿ ಚೀಟಿ. ಬಲಕ್ಕೆ ಅಣ್ಣ ಸ್ಕೇಲಿಟ್ಟು ಗೆರೆ ಎಳೆದು, ಮೂರು ಬಣ್ಣದ ಪೆನ್ನಿನಲ್ಲಿ ಬರೆದ ಪಟ್ಟಿ. ಈ ಬಿಳಿ ಮಾತ್ರೆ ಬೆಳಗ್ಗೆ ಎನ್ನುತ್ತಿತ್ತು ಚೀಟಿ. ಸಂಜೆ ಎನ್ನುತ್ತಿತ್ತು ಪಟ್ಟಿ.

"ಯಾವ ಮನೆಗೂ ಬೇಡ, ಕಸದ ಬುಟ್ಟಿಗೆ ಹಾಕು," ಎಂದಳು ಅಮ್ಮ, ಕಿಟಕಿಯ ಪಕ್ಕದ ಕುರ್ಚಿಯಿಂದ, ಈ ಕಡೆ ತಿರುಗದೆಯೇ. "ಇವತ್ತಿಂದ ನಾನು ಒಂದೂ ನುಂಗಲ್ಲ. ಹೇಳಿಬಿಟ್ಟಿದ್ದೀನಿ."

ಹೇಳಿಬಿಟ್ಟಿದ್ದು ಇದು ಮೂರನೆಯ ಸಲ. ಎದ್ದಾಗಿನಿಂದ ಅಮ್ಮ ಬರೀ ನೀರು ಕುಡಿದು ಕೂತಿದ್ದಳು. ಮೊಣಕೈ ನೀಲಿಗಟ್ಟಿತ್ತು. ರಾತ್ರಿ ಬಾತ್‌ರೂಮಿಗೆ ಎದ್ದವಳು ಜೋಲಿ ತಪ್ಪಿ, ಕೈತೊಳೆಯುವ ಬೇಸಿನ್ನಿಗೆ ಮೊಣಕೈ ಬಡಿಸಿಕೊಂಡು, ಅದನ್ನೇ ತಬ್ಬಿ ನಿಂತುಕೊಂಡಿದ್ದಳು. ಬೇಸಿನ್ನು ಗಟ್ಟಿಯಾಗಿದ್ದುದರಿಂದ ಬಚಾವು. ವಾರವಿಡೀ ಇದೇ ಪಾಡು. ಮಲಗಿದರೆ ಏಳಬೇಕು, ಎದ್ದು ಬಂದು ದಿಂಬಿಗೆ ತಲೆ ಕೊಡುವಷ್ಟರಲ್ಲಿ ಮತ್ತೆ ಏಳಬೇಕು. ಹಗಲೆಲ್ಲ ತೂಕಡಿಕೆ.

"ನುಂಗದಿದ್ರೆ ಕಾಲು ಮತ್ತೆ ಊದುತ್ತೆ, ಅಮ್ಮ."

"ಊದಲಿ. ಊದಿದ ಕಾಲಲ್ಲಿ ನಿದ್ದೆನಾದ್ರೂ ಬರ್ತಿತ್ತು."

ಅದು ಸುಳ್ಳೆಂದು ಇಬ್ಬರಿಗೂ ಗೊತ್ತು. ಕಾಲು ದಿಂಬಿನಂತೆ ಊದಿ, ಮಲಗಿದರೆ ಉಸಿರು ಸಿಗದೆ, ಅಮ್ಮ ಕೂತೇ ಬೆಳಗು ಮಾಡಿದ ಮೇಲಲ್ಲವೇ ಆಸ್ಪತ್ರೆ ಸೇರಿದ್ದು. ಹೃದಯ ಸೋತಿದೆ, ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದಿದ್ದರು ಡಾಕ್ಟರು. ಮನೆಗೆ ಕಳಿಸುವಾಗ, ಮಾತ್ರೆ ತಪ್ಪಿಸಿದರೆ ಇದೇ ಹಾಸಿಗೆಗೆ ವಾಪಸ್ಸು ಬರುತ್ತೀರಿ ಎಂದು ಮೆತ್ತಗೆ ಹೇಳಿದ್ದರು. ಆ ಮಾತು ತಂಗಿಯ ಎದೆಯಲ್ಲಿ ಸೂಜಿಯ ಹಾಗೆ ನಿಂತಿತ್ತು. ಮಾತ್ರೆ ಕೊಟ್ಟರೆ ಅಮ್ಮ ಬೀಳುತ್ತಾಳೆ. ಬಿಟ್ಟರೆ ಮತ್ತೆ ಉಸಿರು ಕಟ್ಟುತ್ತದೆ. ನಡುವೆ ಈ ಎರಡು ಕಾಗದ, ಒಂದಕ್ಕೊಂದು ಮಾತು ಬಿಟ್ಟ ದಾಯಾದಿಗಳಂತೆ.

ಪಟ್ಟಿಯನ್ನು ಇಷ್ಟು ದಿನ ಅವಳು ಚೀಟಿಯ ಜೊತೆ ಇಟ್ಟು ನೋಡಿಯೇ ಇರಲಿಲ್ಲ. ನೋಡುವ ಅಗತ್ಯವೇನು? ಮಾಡಿದವನು ಅಣ್ಣ. ಶಾಲೆಯಲ್ಲಿ ಅವನನ್ನು ಮಕ್ಕಳು ಟೈಮ್‌ಟೇಬಲ್ ಮೇಷ್ಟ್ರು ಎಂದೇ ಕರೆಯುವುದು. ವರ್ಷಾರಂಭದಲ್ಲಿ ಇಡೀ ಶಾಲೆಯ ವೇಳಾಪಟ್ಟಿ ಅವನ ಕೈಯಲ್ಲೇ ಆಗಬೇಕು. ಗಣಿತದ ಬೆನ್ನಿಗೇ ವಿಜ್ಞಾನ ಬಾರದಂತೆ, ಊಟವಾದ ಕೂಡಲೇ ವ್ಯಾಕರಣ ಬಂದು ಮಕ್ಕಳು ಗೊರಕೆ ಹೊಡೆಯದಂತೆ, ಯಾರಿಗೂ ಭಾರವಾಗದಂತೆ ಹಂಚುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಅಮ್ಮ ಮನೆಗೆ ಬಂದ ದಿನ ಸಂಜೆ ಅದೇ ಉತ್ಸಾಹದಲ್ಲಿ ಕೂತು ಪಟ್ಟಿ ಬರೆದ, ಡಬ್ಬಿ ತುಂಬಿದ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಎಷ್ಟು ಚೆನ್ನಾಗಿ ಕೂತಿದೆ ನೋಡು," ಎಂದು ಹೊರಟುಹೋದ. ಆಮೇಲೆ ತಂಗಿ ಹೊತ್ತು ಹೊತ್ತಿಗೆ ಮುಚ್ಚಳ ತೆರೆದಳು, ನೀರು ಕೊಟ್ಟಳು, ತನ್ನ ಹೊಲಿಗೆ ಮಷೀನಿಗೆ ಹಿಂತಿರುಗಿದಳು.

ಈಗ ಬೆರಳಿಟ್ಟು ಒಂದೊಂದೇ ಸಾಲು ಓದುತ್ತ ಹೋದಂತೆ ಅವಳ ಹುಬ್ಬು ಗಂಟಿಕ್ಕಿತು. ಚೀಟಿಯ ಪ್ರಕಾರ ಬಿಪಿ ಮಾತ್ರೆ, ಮೈಯ ನೀರು ಇಳಿಸುವ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಮೂರೂ 1-0-0. ಅಂದರೆ ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ. ಸಕ್ಕರೆ ಮಾತ್ರೆ 1-0-1, ಊಟ ತಿಂಡಿಯ ನಂತರ. ಕ್ಯಾಲ್ಸಿಯಂ ಮಧ್ಯಾಹ್ನ. ಕೊಬ್ಬಿನ ಮಾತ್ರೆ ರಾತ್ರಿ. ಎಲ್ಲಕ್ಕಿಂತ ಮೇಲೆ ಥೈರಾಯ್ಡ್ ಮಾತ್ರೆ, ಅದರ ಮುಂದೆ ಖಾಲಿ ಹೊಟ್ಟೆಗೆ ಎಂದು ಬರೆದು ಅಡಿಗೆರೆ ಎಳೆದಿದ್ದರು. ಅಣ್ಣನ ಪಟ್ಟಿಯಲ್ಲೋ, ಬೆಳಗ್ಗೆ ಎರಡು, ಮಧ್ಯಾಹ್ನ ಎರಡು, ಸಂಜೆ ಎರಡು, ರಾತ್ರಿ ಎರಡು. ಪಂಕ್ತಿಯಲ್ಲಿ ಬಡಿಸಿದ ಹಾಗೆ.

ಅಷ್ಟರಲ್ಲಿ ಅಣ್ಣನೇ ಹಣ್ಣಿನ ಚೀಲ ಹಿಡಿದು ಒಳಗೆ ಬಂದ. "ಏನಮ್ಮ, ಹೇಗಿದ್ದೀಯ? ಡಬ್ಬಿ ತುಂಬೋಣ್ವಾ?"

"ಬನ್ನಿ ಮೇಷ್ಟ್ರೇ," ಎಂದಳು ಅಮ್ಮ. "ನಿಮ್ಮ ಶಾಲೆಗೆ ನಾನು ಚಕ್ಕರ್."

ತಂಗಿ ಪಟ್ಟಿಯನ್ನು ಅವನ ಮುಂದಕ್ಕೆ ತಳ್ಳಿದಳು. "ಅಣ್ಣ, ನೀರಿನ ಮಾತ್ರೆ ಸಂಜೆಗೆ ಯಾಕೆ ಹಾಕಿದೆ?"

"ಸಂಜೆ ಮನೆ ಖಾಲಿ ಇತ್ತಲ್ಲ."

"ಖಾಲಿ ಇದ್ರೆ?"

"ಖಾಲಿ ಇದ್ರೆ ಅಂದ್ರೆ? ಬೆಳಗ್ಗೆ ಐದು ಮಾತ್ರೆ ಒಟ್ಟಿಗೆ ನುಂಗೋದು ಈ ವಯಸ್ಸಲ್ಲಿ ಎಷ್ಟು ಭಾರ. ಡಾಕ್ಟ್ರಿಗೆ ಹಂಚೋಕೆ ಪುರುಸೊತ್ತಿಲ್ಲ, ಎಲ್ಲ ಬೆಳಗ್ಗೆಗೇ ತುರುಕಿದ್ದಾರೆ. ನಾನು ಸರಿದೂಗಿಸಿದೆ. ಯಾವ ಮಾತ್ರೆನೂ ಬಿಟ್ಟಿಲ್ಲ ನೋಡು, ಲೆಕ್ಕ ಪಕ್ಕಾ."

"ಇದು ಪೀರಿಯಡ್ ಅಲ್ಲ ಅಣ್ಣ, ಮಾತ್ರೆ."

"ದಿನಕ್ಕೊಂದು ಅಂತ ತಾನೇ ಇರೋದು? ಯಾವಾಗ ನುಂಗಿದ್ರೂ ಹೋಗೋದು ಅದೇ ಹೊಟ್ಟೆಗೆ."

ಉತ್ತರ ಕೊಟ್ಟರೆ ಅಣ್ಣ ಇನ್ನೊಂದು ಉತ್ತರ ಕೊಡುತ್ತಾನೆ. ಚಿಕ್ಕಂದಿನಿಂದ ಅದೇ ಆಟ, ಗೆಲ್ಲುವವನು ಅವನೇ. ತಂಗಿ ಚೀಟಿಯ ತಲೆಯ ಮೇಲಿದ್ದ ವಾರ್ಡಿನ ನಂಬರಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಮೇಜಿನ ನಡುವೆ ಇಟ್ಟಳು. ಎತ್ತಿದ ನರ್ಸಿಗೆ ಅಮ್ಮನ ಚೀಟಿಯ ನಂಬರು ಹೇಳಿ, ಪಟ್ಟಿಯನ್ನು ಇದ್ದ ಹಾಗೇ ಓದಿದಳು.

ಆ ಕಡೆ ಹಾಳೆ ತಿರುವಿದ ಸದ್ದು ಕೇಳಿಸಿತು.

"ನೀರಿನ ಮಾತ್ರೆ ಸಂಜೆನಾ? ಯಾರು ಹೇಳಿದ್ದು?"

ತಂಗಿ ಅಣ್ಣನ ಕಡೆ ನೋಡಿದಳು. ಅಣ್ಣ ಹಣ್ಣಿನ ಚೀಲದ ಗಂಟು ಬಿಚ್ಚತೊಡಗಿದ.

"ಮನೇಲಿ... ಹಾಗೆ ಹಂಚ್ಕೊಂಡ್ವಿ."

"ಅದು ನುಂಗಿದ ಮೇಲೆ ಗಂಟೆಗಟ್ಟಲೆ ಬಾತ್‌ರೂಮಿಗೆ ಓಡಿಸುತ್ತೆ ಕಣ್ರೀ. ಅದಕ್ಕೇ ಬೆಳಗ್ಗೆ ಬರೆಯೋದು, ಓಡಾಟ ಹಗಲಲ್ಲೇ ಮುಗೀಲಿ ಅಂತ. ತಲೆ ಸುತ್ತಿದೆಯಾ? ಬಿದ್ರಾ?"

"ಬೀಳ್ಲಿಲ್ಲ. ಬೇಸಿನ್ ಹಿಡ್ಕೊಂಡ್ರು. ಮೊಣಕೈಗೆ ಪೆಟ್ಟಾಗಿದೆ."

"ತಲೆಗೆ ತಾಗಿಲ್ಲ ತಾನೇ? ಕೈ ಆಡಿಸ್ತಾರಾ?"

"ತಲೆಗೆ ಇಲ್ಲ. ಕೈ ಆಡಿಸ್ತಾರೆ."

"ಬೈಯೋಕೆ ಮಾತ್ರ ಆಡಿಸ್ತೀನಿ," ಎಂದಳು ಅಮ್ಮ.

"ಥೈರಾಯ್ಡ್ ಮಾತ್ರೆ ತಿಂಡಿ ಆದ ಮೇಲೆ ಕೊಡ್ತಿದ್ದೀರಾ, ಸಕ್ಕರೆದ್ರ ಜೊತೆ?"

"ಹೂಂ. ಎರಡೂ ಒಂದೇ ಮನೇಲಿತ್ತು."

ನರ್ಸು ಉಸಿರು ಬಿಟ್ಟದ್ದು ಫೋನಿನಲ್ಲೂ ಕೇಳಿಸಿತು. ಡಾಕ್ಟರನ್ನು ಕೇಳಿ ಬರುತ್ತೇನೆಂದು ಹೋಗಿ, ಬಂದು, ಒಂದೊಂದಾಗಿ ಹೇಳಿದಳು. ಥೈರಾಯ್ಡ್ ಮಾತ್ರೆ ಎದ್ದ ಕೂಡಲೇ ಬರೀ ನೀರಿನಲ್ಲಿ. ಆಮೇಲೆ ಒಂದು ಗಂಟೆ ಕಾಫಿಯೂ ಇಲ್ಲ, ತಿಂಡಿಯೂ ಇಲ್ಲ. ಕ್ಯಾಲ್ಸಿಯಂ ಅದರ ಹತ್ತಿರ ಸುಳಿಯಬಾರದು, ಮಧ್ಯಾಹ್ನಕ್ಕೇ ಇರಲಿ. ಬಿಪಿ, ನೀರಿನದು, ರಕ್ತದ್ದು ಚೀಟಿಯಲ್ಲಿದ್ದ ಹಾಗೆ ಬೆಳಗಿನ ತಿಂಡಿಯ ನಂತರ. ನಿನ್ನೆ ಸಂಜೆಯದು ನುಂಗಿದ್ದರೂ ಪರವಾಗಿಲ್ಲ, ಇವತ್ತು ತಿಂಡಿಯಾದ ಮೇಲೆ ಕೊಡಿ, ಸಂಜೆ ಮತ್ತೆ ಕೊಡಬೇಡಿ. ಎದೆನೋವು ಬಂದರೆ ನಾಲಿಗೆ ಕೆಳಗಿಡುವ ಮಾತ್ರೆ ಡಬ್ಬಿಗೆ ಹಾಕದೆ ಅದರ ಬಾಟಲಿಯಲ್ಲೇ ಕೈಗೆಟುಕುವ ಕಡೆ ಇರಲಿ. ತಲೆಸುತ್ತು ನಿಲ್ಲದಿದ್ದರೆ, ಕಾಲು ಊದಿದರೆ, ಕಾಯದೆ ಕರೆದುಕೊಂಡು ಬನ್ನಿ.

"ನೀವಾಗೇ ಏನೂ ಜರುಗಿಸ್ಬೇಡಿ," ಎಂದು ಫೋನು ಇಟ್ಟಳು.

ತಂಗಿಗೆ ಸಿಟ್ಟು ಬಂದದ್ದು ಅಣ್ಣನ ಮೇಲೋ, ತನ್ನ ಮೇಲೋ ತಿಳಿಯಲಿಲ್ಲ. ದಿನವೂ ಮುಚ್ಚಳ ತೆರೆದದ್ದು ತನ್ನ ಕೈಯೇ ಅಲ್ಲವೇ. ಆದರೆ ಸಿಟ್ಟಿಗೆ ಈಗ ಬಿಡುವಿರಲಿಲ್ಲ. ಹೊಲಿಗೆ ಪೆಟ್ಟಿಗೆಯಿಂದ ಅಂಟುಪಟ್ಟಿ ತಂದು ಸಣ್ಣ ಸಣ್ಣ ತುಂಡು ಕತ್ತರಿಸಿದಳು. ಚೀಟಿಗೆ ಬೇಕಾದ ಹೊತ್ತುಗಳೂ ನಾಲ್ಕೇ; ಡಬ್ಬಿಯ ಮೇಲೆ ಅಚ್ಚಾದ ಹೆಸರುಗಳೇ ಬೇರೆ. ಬೆಳಗ್ಗೆ ಎಂಬುದರ ಮೇಲೆ ಎದ್ದ ಕೂಡಲೇ ಎಂದು ಅಂಟಿಸಿದಳು. ಮಧ್ಯಾಹ್ನದ ಮೇಲೆ ತಿಂಡಿ ಆದ ಮೇಲೆ. ಸಂಜೆಯ ಮೇಲೆ ಮಧ್ಯಾಹ್ನದ ಊಟ ಆದ ಮೇಲೆ. ಕೊನೆಯದಕ್ಕೆ ರಾತ್ರಿ ಊಟ ಆದ ಮೇಲೆ. ಹೊಸ ಕಾಗದದಲ್ಲಿ ಅದೇ ನಾಲ್ಕು ತಲೆಬರಹ ಬರೆದು, ಚೀಟಿಯ ಪ್ರತಿ ಸಾಲಿಗೂ ಬೆರಳಿಟ್ಟು, ಪಟ್ಟಿಗೆ ಇಳಿಸಿದ್ದಕ್ಕೆಲ್ಲ ಚೀಟಿಯಲ್ಲೊಂದು ಚುಕ್ಕೆ ಇಟ್ಟಳು. ಚೀಟಿಯ ಕೊನೆಯಲ್ಲಿದ್ದ ವಾರಕ್ಕೊಮ್ಮೆಯ ವಿಟಮಿನ್ ಭಾನುವಾರದ ಊಟದ ಮನೆಗೆ ಮಾತ್ರ. ಉಳಿದ ದಿನಗಳಲ್ಲಿ ಆ ಜಾಗಕ್ಕೆ ಅಡ್ಡಗೆರೆ.

ಅಮ್ಮ ಕುರ್ಚಿಯನ್ನು ಸದ್ದಾಗುವಂತೆ ಮೇಜಿನ ಕಡೆ ಎಳೆದುಕೊಂಡಳು. "ನನ್ನ ನಿದ್ದೆ ತಿಂದಿದ್ದು ಯಾವುದು, ತೋರ್ಸು."

ತಂಗಿ ಬಿಳಿ ಮಾತ್ರೆ ತೋರಿಸಿದಳು.

"ಇಷ್ಟೇ ಇಷ್ಟು ಇದ್ಕೊಂಡು?"

"ಅದರ ತಪ್ಪಲ್ಲ ಅಮ್ಮ. ಹೊತ್ತು ತಪ್ಪಾಗಿತ್ತು. ಇನ್ಮೇಲೆ ಹಗಲಲ್ಲೇ ಓಡಿಸುತ್ತೆ. ನುಂಗ್ತೀಯಾ?"

ಅಮ್ಮ ಮಾತ್ರೆಯನ್ನು ನೋಡಿದಳು, ಮಗನನ್ನು ನೋಡಿದಳು, ತನ್ನ ಮೊಣಕೈ ನೋಡಿಕೊಂಡಳು. "ಇವತ್ತು ರಾತ್ರಿ ನಿದ್ದೆ ಬಂದ್ರೆ ನಾಳೆಗೂ ನುಂಗ್ತೀನಿ. ಬರ್ಲಿಲ್ಲ ಅಂದ್ರೆ ಡಬ್ಬಿ ಸಮೇತ ಕಿಟಕಿಯಾಚೆ."

ಅಷ್ಟು ಸಾಕಾಗಿತ್ತು. ತಂಗಿ ಥೈರಾಯ್ಡ್ ಮಾತ್ರೆ ಕೊಟ್ಟಳು. ಅಮ್ಮ ನೀರಿನೊಡನೆ ನುಂಗಿ, ಇನ್ನು ಒಂದು ಗಂಟೆ ಕಾಫಿ ಇಲ್ಲವೆಂದು ನೆನಪಾಗಿ ಮುಖ ಗಂಟಿಕ್ಕಿಕೊಂಡು ಕೂತಳು.

ಮನೆಗಳು ತುಂಬುತ್ತ ಬಂದವು. ಅಣ್ಣ ಇಷ್ಟು ಹೊತ್ತೂ ಹಣ್ಣುಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದ, ದೊಡ್ಡದರ ಪಕ್ಕ ಚಿಕ್ಕದು, ದೊಡ್ಡದರ ಪಕ್ಕ ಚಿಕ್ಕದು. ವಾರಕ್ಕೊಂದು ಸಲ ಬಂದು ಡಬ್ಬಿ ತುಂಬುವುದೊಂದೇ ಅಮ್ಮನಿಗಾಗಿ ಅವನು ವಹಿಸಿಕೊಂಡಿದ್ದ ಕೆಲಸ. ಅದು ಗೊತ್ತಿದ್ದೇ ತಂಗಿ ಶನಿವಾರದ ಸಾಲನ್ನು ಅವನ ಕಡೆ ಸರಿಸಿ, ಹೊಸ ಪಟ್ಟಿಯನ್ನು ಪಕ್ಕದಲ್ಲಿಟ್ಟಳು. "ಈ ಸಾಲು ನೀನು ತುಂಬು. ನೋಡ್ಕೊಂಡು."

ಅಣ್ಣ ಕನ್ನಡಕ ಹಾಕಿಕೊಂಡ. ನಿಧಾನವಾಗಿ, ಒಂದೂ ತಪ್ಪಿಲ್ಲದೆ ತುಂಬಿದ. ತುಂಬಿ, ಎಂದಿನಂತೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಅವನ ಬೆರಳು ಚಡಪಡಿಸಿತು.

"ಅಲ್ವೇ, ತಿಂಡಿ ಮನೇಲಿ ನಾಲ್ಕು ಕಿಕ್ಕಿರ್ಕೊಂಡಿವೆ. ಊಟದ ಮನೇಲಿ ಒಂದೇ ಒಂದು, ಪಾಪ. ನೀರಿನದನ್ನ ಮುಟ್ಟೋದು ಬೇಡ, ಒಪ್ಪಿದೆ. ಆ ರಕ್ತದ್ದೊಂದನ್ನ ಈ ಕಡೆ ಹಾಕೋಣ. ಅದರಿಂದ ಏನೂ ಆಗಲ್ಲ. ನೋಡೋಕೂ ಸರಿ ಇರುತ್ತೆ. ನನ್ನ ಸಮಾಧಾನಕ್ಕೆ, ಅದೊಂದೇ."

ತಂಗಿ ಶನಿವಾರದ ನಾಲ್ಕೂ ಮುಚ್ಚಳಗಳನ್ನು ಒಂದೊಂದಾಗಿ ಒತ್ತಿ ಮುಚ್ಚಿದಳು.

"ಇಲ್ಲ ಅಣ್ಣ. ಹಾಕಲ್ಲ."